ಶಾಫ್ಟ್ ಸಾಮರ್ಥ್ಯ ಮತ್ತು ಟಾರ್ಕ್

ಎಂಜಿನ್ ಅಥವಾ ಮೋಟಾರು ತಿರುಗುವ ಶಾಫ್ಟಿನ ಮೂಲಕ ಹೊರಗೆ ಕೊಡುವ ಯಾಂತ್ರಿಕ ಸಾಮರ್ಥ್ಯವನ್ನು ಶಾಫ್ಟ್ ಸಾಮರ್ಥ್ಯ ಎನ್ನುತ್ತಾರೆ. ಬ್ರೇಕ್ ಹಾಕಿ ಅಳೆಯುವ ಪದ್ಧತಿಯಿಂದಾಗಿ ಎಂಜಿನ್‌ಗಳ ವಿಷಯದಲ್ಲಿ ಇದಕ್ಕೆ ಬ್ರೇಕ್ ಪವರ್ ಎಂಬ ಹೆಸರೂ ಇದೆ. ಶಾಫ್ಟನ್ನು ತಿರುಗಿಸುವ ಟಾರ್ಕ್ ಎಷ್ಟು, ಅದು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬ ಎರಡು ಸಂಗತಿಗಳು ಸೇರಿ ಈ ಸಾಮರ್ಥ್ಯವನ್ನು ನಿರ್ಧರಿಸುತ್ತವೆ. ಸಾಮರ್ಥ್ಯ, ಟಾರ್ಕ್, ಆರ್‌ಪಿಎಂ ಈ ಮೂರರಲ್ಲಿ ಯಾವ ಎರಡು ಗೊತ್ತಿದ್ದರೂ ಮೂರನೆಯದನ್ನು ಲೆಕ್ಕ ಹಾಕಬಹುದು.

ಪಂಪ್‌ಸೆಟ್ಟಿನ ಎಂಜಿನ್ನಿನ ಅಥವಾ ಮೋಟಾರಿನ ನೇಮ್‌ಪ್ಲೇಟಿನಲ್ಲಿ ಸಾಮಾನ್ಯವಾಗಿ ಸಾಮರ್ಥ್ಯ ಮತ್ತು ಆರ್‌ಪಿಎಂ ಮಾತ್ರ ಇರುತ್ತವೆ. ಆದರೆ ಶಾಫ್ಟ್ ಎಷ್ಟು ದಪ್ಪ ಇರಬೇಕು, ಯಾವ ಕಪ್ಲಿಂಗ್ ತಾಳುತ್ತದೆ, ಕೀ ಕತ್ತರಿಸಿಹೋಗುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಟಾರ್ಕ್. ಆದ್ದರಿಂದ ಇಂತಿಷ್ಟು ಸಾಮರ್ಥ್ಯಕ್ಕೆ ಎಂಜಿನ್ ಎಷ್ಟು ಟಾರ್ಕ್ ಕೊಡುತ್ತದೆ ಎಂಬ ಲೆಕ್ಕ ಮೇಲಿಂದ ಮೇಲೆ ಬೇಕಾಗುತ್ತದೆ.

ಸೂತ್ರ ಬಂದ ಬಗೆ

ಶಾಫ್ಟಿನ ಕೇಂದ್ರದಿಂದ r ಮೀಟರ್ ದೂರದಲ್ಲಿ F ನ್ಯೂಟನ್ ಬಲವು ಸುತ್ತುವ ದಿಕ್ಕಿನಲ್ಲಿ ತಳ್ಳುತ್ತಿದೆ ಎಂದುಕೊಳ್ಳೋಣ. ಆಗ ಟಾರ್ಕ್ T = F × r ನ್ಯೂಟನ್-ಮೀಟರ್. ಶಾಫ್ಟ್ ಒಂದು ಸುತ್ತು ಮುಗಿಸುವಾಗ ಆ ಬಲ 2πr ಮೀಟರ್ ದೂರ ಸಾಗುತ್ತದೆ. ಹಾಗಾಗಿ ಒಂದು ಸುತ್ತಿನಲ್ಲಿ ಆದ ಕೆಲಸ F × 2πr, ಅಂದರೆ 2πT ಜೂಲ್. ನಿಮಿಷಕ್ಕೆ N ಸುತ್ತಾದರೆ ಒಂದು ನಿಮಿಷದ ಕೆಲಸ 2πNT. ಸಾಮರ್ಥ್ಯವೆಂದರೆ ಒಂದು ಸೆಕೆಂಡಿನಲ್ಲಿ ಆಗುವ ಕೆಲಸವಾದ್ದರಿಂದ ಅದನ್ನು 60ರಿಂದ ಭಾಗಿಸಬೇಕು:

P = 2πNT / 60

ಇಲ್ಲಿ P ವಾಟ್‌ಗಳಲ್ಲಿದೆ. ಇದನ್ನೇ ತಿರುಗಿಸಿ ಬರೆದರೆ ಟಾರ್ಕ್ ಸಿಗುತ್ತದೆ:

T = 60P / (2πN)

ಸಾಮರ್ಥ್ಯವನ್ನು ಕಿಲೋವಾಟ್‌ನಲ್ಲಿ ತೆಗೆದುಕೊಂಡರೆ 60,000ವನ್ನು 2πಯಿಂದ ಭಾಗಿಸಿದಾಗ ಬರುವ 9549 ಎಂಬ ಒಂದೇ ಸಂಖ್ಯೆ ಸಾಕು:

T = 9549 × P / N

ಬ್ರಿಟಿಷ್ ಪದ್ಧತಿಯ 1 ಅಶ್ವಶಕ್ತಿ 745.7 ವಾಟ್, ಮೆಟ್ರಿಕ್ ಪದ್ಧತಿಯದು 735.5 ವಾಟ್. ಸಾಮರ್ಥ್ಯ ಅಶ್ವಶಕ್ತಿಯಲ್ಲಿ ಕೊಟ್ಟಿದ್ದರೆ ಮೊದಲು ಕಿಲೋವಾಟ್‌ಗೆ ಪರಿವರ್ತಿಸಿಕೊಂಡು ಆಮೇಲೆ ಸೂತ್ರ ಬಳಸುವುದು ಸುರಕ್ಷಿತ. ಎರಡು ಪದ್ಧತಿಗಳ ಅಶ್ವಶಕ್ತಿಯ ನಡುವಿನ ವ್ಯತ್ಯಾಸ ಶೇ. 1.4ರಷ್ಟೇ ಇರುವುದರಿಂದ ಸಣ್ಣ ಎಂಜಿನ್‌ಗಳಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಒಂದು ಉದಾಹರಣೆ: 5 ಎಚ್‌ಪಿ ಡೀಸೆಲ್ ಎಂಜಿನ್

ಭಾರತದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಬಹಳ ಕಡೆ ಕಾಣುವ ಕಿರ್ಲೋಸ್ಕರ್ ಎವಿ1 ಒಂದೇ ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಡೀಸೆಲ್ ಎಂಜಿನ್. ಇದರ ಸಿಲಿಂಡರ್ ವ್ಯಾಸ 80 ಮಿ.ಮೀ., ಸ್ಟ್ರೋಕ್ 110 ಮಿ.ಮೀ., ಗಾತ್ರ 553 ಸಿಸಿ. 1500 ಆರ್‌ಪಿಎಂನಲ್ಲಿ ಇದರ ಸಾಮರ್ಥ್ಯ 3.7 ಕಿಲೋವಾಟ್, ಅಂದರೆ 5 ಎಚ್‌ಪಿ. ಟಾರ್ಕ್ ಹೀಗೆ ಬರುತ್ತದೆ:

T = 9549 × 3.7 / 1500 = 23.55 ನ್ಯೂಟನ್-ಮೀಟರ್

ಈ ಉತ್ತರವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಬಹುದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ಇಂಧನ ಉರಿಯುತ್ತದೆ. 1500 ಆರ್‌ಪಿಎಂನಲ್ಲಿ ನಿಮಿಷಕ್ಕೆ 750 ಸಲ, ಸೆಕೆಂಡಿಗೆ 12.5 ಸಲ ಉರಿಯಬೇಕು. ಸೆಕೆಂಡಿಗೆ 3700 ಜೂಲ್ ಹೊರಬರುತ್ತಿದ್ದರೆ ಒಂದೊಂದು ಉರಿಗೆ 296 ಜೂಲ್ ಕೆಲಸ ಶಾಫ್ಟಿಗೆ ತಲುಪುತ್ತದೆ. ಆ ಕೆಲಸ ಎರಡು ಸುತ್ತಿಗೆ, ಅಂದರೆ 4π ರೇಡಿಯನ್‌ಗೆ ಹಂಚಿಹೋಗುತ್ತದೆ. 296ನ್ನು 12.57ರಿಂದ ಭಾಗಿಸಿದರೆ ಮತ್ತೆ ಸುಮಾರು 23.55 ಬರುತ್ತದೆ.

ಈಗ ಹೀರೋ ಸ್ಪ್ಲೆಂಡರ್ ಪ್ಲಸ್ ಬೈಕನ್ನು ಪಕ್ಕದಲ್ಲಿಟ್ಟು ನೋಡಿದರೆ ಟಾರ್ಕಿನ ಸ್ವಭಾವ ಸ್ಪಷ್ಟವಾಗುತ್ತದೆ. ಅದರ 97.2 ಸಿಸಿ ಪೆಟ್ರೋಲ್ ಎಂಜಿನ್ ಬಿಎಸ್-6 ಮಾದರಿಯಲ್ಲಿ 8000 ಆರ್‌ಪಿಎಂಗೆ 5.9 ಕಿಲೋವಾಟ್ ಕೊಡುತ್ತದೆ. ಡೀಸೆಲ್ ಎಂಜಿನ್ನಿಗಿಂತ ಇದರ ಸಾಮರ್ಥ್ಯ ಒಂದೂವರೆ ಪಟ್ಟಿಗೂ ಹೆಚ್ಚು. ಆದರೂ ಆ ವೇಗದಲ್ಲಿ ಟಾರ್ಕ್ 9549 × 5.9 / 8000, ಅಂದರೆ 7.04 ನ್ಯೂಟನ್-ಮೀಟರ್ ಮಾತ್ರ. ಡೀಸೆಲ್ ಎಂಜಿನ್ನಿನದರಲ್ಲಿ ಮೂರನೇ ಒಂದು ಪಾಲಿಗಿಂತ ಕಡಿಮೆ. ಬೈಕಿನ ಎಂಜಿನ್ ಸುತ್ತುಗಳ ಸಂಖ್ಯೆಯಿಂದ ಸಾಮರ್ಥ್ಯ ಗಳಿಸಿದರೆ ಡೀಸೆಲ್ ಎಂಜಿನ್ ಪ್ರತಿ ಸುತ್ತಿನ ಬಿರುಸಿನಿಂದ ಗಳಿಸುತ್ತದೆ.

ಗರಿಷ್ಠ ಸಾಮರ್ಥ್ಯದ ಟಾರ್ಕ್ ಗರಿಷ್ಠ ಟಾರ್ಕ್ ಅಲ್ಲ

ಅದೇ ಬೈಕಿನ ವಿವರಪಟ್ಟಿಯಲ್ಲಿ ಗರಿಷ್ಠ ಟಾರ್ಕ್ 8.05 ನ್ಯೂಟನ್-ಮೀಟರ್, ಅದೂ 6000 ಆರ್‌ಪಿಎಂನಲ್ಲಿ ಎಂದಿರುತ್ತದೆ. ಮೇಲಿನ ಲೆಕ್ಕದಲ್ಲಿ ಬಂದದ್ದು 7.04. ಎರಡೂ ಸರಿಯೇ, ಏಕೆಂದರೆ ಅವು ಬೇರೆ ಬೇರೆ ವೇಗಗಳಿಗೆ ಸೇರಿದವು. 6000 ಆರ್‌ಪಿಎಂನಲ್ಲಿ 8.05 ನ್ಯೂಟನ್-ಮೀಟರ್ ಇದ್ದರೆ ಸಾಮರ್ಥ್ಯ 8.05 × 6000 / 9549, ಅಂದರೆ 5.06 ಕಿಲೋವಾಟ್. ಅಲ್ಲಿಂದ 8000ಕ್ಕೆ ಏರುವಾಗ ವೇಗ ಮೂರನೇ ಒಂದರಷ್ಟು ಹೆಚ್ಚಿ ಟಾರ್ಕ್ ಎಂಟನೇ ಒಂದರಷ್ಟು ಮಾತ್ರ ಇಳಿಯುತ್ತದೆ. ಆದ್ದರಿಂದ ಸಾಮರ್ಥ್ಯ ಇನ್ನೂ ಏರುತ್ತಲೇ ಇರುತ್ತದೆ.

ವೇಗ ಹೆಚ್ಚಿದಂತೆ ಟಾರ್ಕ್ ಇಳಿಯುವುದಕ್ಕೆ ಎರಡು ಮುಖ್ಯ ಕಾರಣಗಳಿವೆ. ವಾಲ್ವ್ ತೆರೆದಿರುವ ಹೊತ್ತು ಕಡಿಮೆಯಾಗಿ ಸಿಲಿಂಡರಿಗೆ ಗಾಳಿ ಪೂರ್ತಿ ತುಂಬುವುದಿಲ್ಲ. ಜೊತೆಗೆ ಪಿಸ್ಟನ್, ಬೇರಿಂಗ್‌ಗಳ ಘರ್ಷಣೆಯಲ್ಲಿ ವ್ಯಯವಾಗುವ ಪಾಲು ಬೆಳೆಯುತ್ತದೆ. ಟಾರ್ಕಿನ ಇಳಿತ ವೇಗದ ಏರಿಕೆಯನ್ನು ಮೀರಿಸುವ ಜಾಗದಲ್ಲಿ ಸಾಮರ್ಥ್ಯವೂ ಇಳಿಯತೊಡಗುತ್ತದೆ. ವಿವರಪಟ್ಟಿಯ ಗರಿಷ್ಠ ಸಾಮರ್ಥ್ಯವನ್ನು ಗರಿಷ್ಠ ಟಾರ್ಕಿನ ಆರ್‌ಪಿಎಂ ಜೊತೆ ಸೇರಿಸಿ ಲೆಕ್ಕ ಮಾಡಿದರೆ ಈ ಬೈಕಿಗೆ 9.4 ನ್ಯೂಟನ್-ಮೀಟರ್ ಬರುತ್ತದೆ. ಯಾವ ವೇಗದಲ್ಲೂ ಆ ಎಂಜಿನ್ ಅಷ್ಟು ಟಾರ್ಕ್ ಕೊಡದು. ಸಾಮರ್ಥ್ಯವನ್ನು ಅದು ಹೇಳಲಾದ ಆರ್‌ಪಿಎಂ ಜೊತೆಗೇ ಬಳಸಬೇಕು.

ಹಗ್ಗದ ಬ್ರೇಕಿನಿಂದ ಅಳೆಯುವುದು

ನೇಮ್‌ಪ್ಲೇಟಿನ ಸಾಮರ್ಥ್ಯ ನಿಜವೇ ಎಂದು ತಿಳಿಯಲು ಟಾರ್ಕನ್ನೇ ಅಳೆಯಬೇಕು. ತಿರುಗುವ ಶಾಫ್ಟಿಗೆ ಬ್ರೇಕ್ ಬಿಗಿದು ಅದು ಎಳೆಯುವ ಬಲವನ್ನು ತೂಗುವ ಉಪಾಯವನ್ನು 1821ರಲ್ಲಿ ಫ್ರಾನ್ಸಿನ ಎಂಜಿನಿಯರ್ ಗಾಸ್ಪಾರ್ ದ ಪ್ರೋನಿ ರೂಪಿಸಿದ. ಕಾಲೇಜು ಪ್ರಯೋಗಾಲಯಗಳ ಹಗ್ಗದ ಬ್ರೇಕ್ ಅದೇ ತತ್ತ್ವದ ಸರಳ ರೂಪ. ಎಂಜಿನ್ ಶಾಫ್ಟಿಗೆ ಕೂಡಿಸಿದ ಡ್ರಮ್ಮಿನ ಮೇಲೆ ಹಗ್ಗ ಸುತ್ತಿ, ಒಂದು ತುದಿಗೆ ತೂಕದ ಬಟ್ಟುಗಳನ್ನು ತೂಗಿಬಿಟ್ಟು, ಇನ್ನೊಂದು ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟುತ್ತಾರೆ. ಡ್ರಮ್ಮು ಬಟ್ಟುಗಳನ್ನು ಮೇಲೆತ್ತುವ ದಿಕ್ಕಿನಲ್ಲಿ ತಿರುಗಲು ನೋಡುತ್ತದೆ. ಬಟ್ಟುಗಳ ತೂಕದಿಂದ ತಕ್ಕಡಿಯ ಓದನ್ನು ಕಳೆದರೆ ಉಳಿಯುವುದೇ ಹಗ್ಗದ ಘರ್ಷಣೆಯ ಬಲ.

ಡ್ರಮ್ಮಿನ ವ್ಯಾಸ 300 ಮಿ.ಮೀ., ಹಗ್ಗದ ದಪ್ಪ 15 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಬಟ್ಟುಗಳು 17.5 ಕಿ.ಗ್ರಾಂ., ತಕ್ಕಡಿಯ ಓದು 2.5 ಕಿ.ಗ್ರಾಂ., ಟ್ಯಾಕೋಮೀಟರಿನಲ್ಲಿ ವೇಗ 1480 ಆರ್‌ಪಿಎಂ. ಉಳಿದ ಭಾರ 15 ಕಿ.ಗ್ರಾಂ.; ಅದನ್ನು 9.81ರಿಂದ ಗುಣಿಸಿದರೆ 147.15 ನ್ಯೂಟನ್. ಬಲ ಹಗ್ಗದ ನಡುಗೆರೆಯಲ್ಲಿ ಕೆಲಸ ಮಾಡುವುದರಿಂದ ತ್ರಿಜ್ಯವನ್ನು (300 + 15) / 2, ಅಂದರೆ 157.5 ಮಿ.ಮೀ. ಎಂದು ಹಿಡಿಯಬೇಕು.

T = 147.15 × 0.1575 = 23.18 ನ್ಯೂಟನ್-ಮೀಟರ್

P = 23.18 × 1480 / 9549 = 3.59 ಕಿಲೋವಾಟ್

ಹಗ್ಗದ ದಪ್ಪವನ್ನು ಮರೆತು ತ್ರಿಜ್ಯವನ್ನು 150 ಮಿ.ಮೀ. ಎಂದು ತೆಗೆದುಕೊಂಡರೆ ಉತ್ತರ ಸುಮಾರು ಶೇ. 5ರಷ್ಟು ಕಡಿಮೆ ಬರುತ್ತದೆ. ತಕ್ಕಡಿಯ ಓದನ್ನು ಕಳೆಯದೆ ಬಿಟ್ಟರೆ ಶೇ. 17ರಷ್ಟು ಹೆಚ್ಚು ಬರುತ್ತದೆ. ವೇಗವನ್ನು ಅಳೆಯದೆ ನೇಮ್‌ಪ್ಲೇಟಿನ 1500 ಎಂದೇ ಬರೆದರೂ ತಪ್ಪಾಗುತ್ತದೆ, ಏಕೆಂದರೆ ಭಾರ ಹೆಚ್ಚಿದಾಗ ಗವರ್ನರ್ ಇದ್ದರೂ ವೇಗ ಸ್ವಲ್ಪ ಇಳಿಯುತ್ತದೆ.

ಹೊರಬಂದ ಸಾಮರ್ಥ್ಯವೆಲ್ಲ ಹಗ್ಗ ಮತ್ತು ಡ್ರಮ್ಮಿನ ನಡುವೆ ಶಾಖವಾಗುತ್ತದೆ. 3.59 ಕಿಲೋವಾಟ್ ಎಂದರೆ ಒಂದು ಗಂಟೆಯಲ್ಲಿ ಸುಮಾರು 5 ಲೀಟರ್ ನೀರನ್ನು ಪೂರ್ತಿ ಆವಿ ಮಾಡುವಷ್ಟು ಶಾಖ. ಅದಕ್ಕಾಗಿಯೇ ಡ್ರಮ್ಮಿನ ಅಂಚಿನ ಒಳಭಾಗಕ್ಕೆ ನೀರು ಬಿಡುತ್ತಾರೆ. ನೀರು ಸಾಲದಿದ್ದರೆ ಹಗ್ಗ ಸುಟ್ಟ ವಾಸನೆ ಬರುತ್ತದೆ, ಘರ್ಷಣೆ ಬದಲಾಗಿ ತಕ್ಕಡಿಯ ಮುಳ್ಳು ಒಂದೆಡೆ ನಿಲ್ಲುವುದಿಲ್ಲ. ಮುಳ್ಳು ನೆಲೆಗೊಳ್ಳುವ ಮುನ್ನ ತೆಗೆದ ಓದನ್ನು ನಂಬುವಂತಿಲ್ಲ.

ಉತ್ತರ ಸರಿಯೇ ಎಂದು ತಿಳಿಯುವ ಬಗೆ

ಲೆಕ್ಕದಲ್ಲಿ ಹೆಚ್ಚಾಗಿ ಆಗುವ ತಪ್ಪುಗಳು ಎರಡು: 2π ಬಿಟ್ಟುಹೋಗುವುದು, ಇಲ್ಲವೇ ಆರ್‌ಪಿಎಂ ಅನ್ನೇ ಕೋನೀಯ ವೇಗ ಎಂದು ತಿಳಿಯುವುದು. ಮೊದಲನೆಯದರಲ್ಲಿ ನಮ್ಮ ಡೀಸೆಲ್ ಎಂಜಿನ್ನಿಗೆ 148 ನ್ಯೂಟನ್-ಮೀಟರ್ ಬರುತ್ತದೆ, ಎರಡನೆಯದರಲ್ಲಿ 2.47 ಮಾತ್ರ. ಎರಡನ್ನೂ ಹಿಡಿಯಲು ಒಂದು ಒರೆಗಲ್ಲಿದೆ: ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ 4πTಯನ್ನು ಸಿಲಿಂಡರ್ ಗಾತ್ರದಿಂದ ಭಾಗಿಸಿದರೆ ಸರಾಸರಿ ಪರಿಣಾಮಕಾರಿ ಒತ್ತಡ ಸಿಗುತ್ತದೆ. 23.55 ನ್ಯೂಟನ್-ಮೀಟರ್ ಮತ್ತು 553 ಸಿಸಿಗೆ ಅದು 5.35 ಬಾರ್. ಬೈಕಿನ ಗರಿಷ್ಠ ಟಾರ್ಕಿಗೆ 10.4 ಬಾರ್. ಟರ್ಬೋ ಇಲ್ಲದ ಎಂಜಿನ್‌ಗಳಿಗೆ ಇವೆರಡೂ ಸಹಜ ಸಂಖ್ಯೆಗಳು. 148 ಎಂದಿದ್ದರೆ ಒತ್ತಡ 33 ಬಾರ್ ದಾಟುತ್ತದೆ, ಇಂಥ ಎಂಜಿನ್ನಿನಲ್ಲಿ ಅದು ಅಸಾಧ್ಯ. 2.47 ಎಂದಿದ್ದರೆ ಅರ್ಧ ಬಾರ್‌ನ ಸುತ್ತಮುತ್ತ ಬರುತ್ತದೆ, ಪೂರ್ಣ ಭಾರದ ಎಂಜಿನ್ನಿಗೆ ಅದು ತೀರಾ ಕಡಿಮೆ.

ಸೂತ್ರದ ಮಿತಿಗಳು

ಸೂತ್ರ ಕೊಡುವುದು ಸರಾಸರಿ ಟಾರ್ಕ್. ಒಂದೇ ಸಿಲಿಂಡರಿನ ಎಂಜಿನ್ನಿನ ಕ್ರ್ಯಾಂಕಿನಲ್ಲಿ ಇಂಧನ ಉರಿದ ಕ್ಷಣ ಟಾರ್ಕ್ ಸರಾಸರಿಗಿಂತ ಎಷ್ಟೋ ಪಟ್ಟು ಏರುತ್ತದೆ; ಗಾಳಿಯನ್ನು ಒತ್ತುವಾಗ ಅದು ತಿರುವುಮುರುವಾಗಿ ಶಾಫ್ಟನ್ನೇ ತಡೆಯುತ್ತದೆ. ಫ್ಲೈವೀಲ್ ಈ ಏರಿಳಿತವನ್ನು ಬಹುಮಟ್ಟಿಗೆ ನುಂಗಿಕೊಂಡರೂ ಪೂರ್ತಿ ಅಳಿಸುವುದಿಲ್ಲ. ಆದ್ದರಿಂದ ಕಪ್ಲಿಂಗ್ ಆರಿಸುವಾಗ 23.55 ಅನ್ನೇ ಕೊನೆಯ ಸಂಖ್ಯೆ ಎಂದು ಹಿಡಿಯದೆ, ತಯಾರಕರು ಸೂಚಿಸುವ ಸರ್ವಿಸ್ ಫ್ಯಾಕ್ಟರಿನಿಂದ ಅದನ್ನು ಗುಣಿಸುತ್ತಾರೆ.

ಒಂದು ವೇಗದ ಸಾಮರ್ಥ್ಯವನ್ನು ಬೇರೆ ವೇಗಕ್ಕೆ ಒಯ್ಯುವಂತೆಯೂ ಇಲ್ಲ. 3.7 ಕಿಲೋವಾಟ್ ಹಾಗೇ ಇಟ್ಟು ವೇಗವನ್ನು 300 ಆರ್‌ಪಿಎಂ ಎಂದು ಹಾಕಿದರೆ ಸೂತ್ರ 118 ನ್ಯೂಟನ್-ಮೀಟರ್ ಎನ್ನುತ್ತದೆ. ಎಂಜಿನ್ನಿಗೆ ಅದು ಸಾಧ್ಯವಿಲ್ಲ, ಏಕೆಂದರೆ ಒಂದು ಉರಿಗೆ ಸಿಲಿಂಡರ್ ಎಳೆದುಕೊಳ್ಳುವ ಗಾಳಿಗೆ ಮಿತಿಯಿದೆ. ನಿಧಾನವಾಗಿ ತಿರುಗಿದ ಮಾತ್ರಕ್ಕೆ ಅದು ಐದು ಪಟ್ಟಾಗುವುದಿಲ್ಲ. ಆ ವೇಗದಲ್ಲಿ ಕುಸಿಯುವುದು ಸಾಮರ್ಥ್ಯವೇ.

ಕಡಿಮೆ ವೇಗದಲ್ಲಿ ಹೆಚ್ಚು ಟಾರ್ಕ್ ಬೇಕಾದಾಗ ಎಂಜಿನ್ನನ್ನು ಅದರ ನಿಗದಿತ ವೇಗದಲ್ಲೇ ಓಡಿಸಿ ನಡುವೆ ಗೇರ್ ಅಥವಾ ಬೆಲ್ಟ್ ಹಾಕುತ್ತಾರೆ. ಅಲ್ಲಿ ಸೂತ್ರ ಮತ್ತೆ ನೇರವಾಗಿ ಅನ್ವಯಿಸುತ್ತದೆ. 1500 ಆರ್‌ಪಿಎಂ ಅನ್ನು ಪುಲ್ಲಿಗಳಿಂದ 750ಕ್ಕೆ ಇಳಿಸಿದರೆ, ನಷ್ಟವಿಲ್ಲದಿದ್ದಾಗ ಟಾರ್ಕ್ ಇಮ್ಮಡಿಯಾಗಿ 47.1 ಆಗುತ್ತದೆ. ಬೆಲ್ಟಿನ ದಕ್ಷತೆ ಶೇ. 95 ಎಂದಾದರೆ ಎರಡನೇ ಶಾಫ್ಟಿಗೆ ತಲುಪುವ ಸಾಮರ್ಥ್ಯ 3.515 ಕಿಲೋವಾಟ್, ಟಾರ್ಕ್ 44.75 ನ್ಯೂಟನ್-ಮೀಟರ್. ಹೀಗೆ ಯಾವ ಶಾಫ್ಟಿನ ಲೆಕ್ಕ ಮಾಡುತ್ತೇವೋ ಆ ಶಾಫ್ಟಿನ ಆರ್‌ಪಿಎಂ ಮತ್ತು ಅಲ್ಲಿಗೆ ತಲುಪಿದ ಸಾಮರ್ಥ್ಯ ಎರಡನ್ನೂ ತೆಗೆದುಕೊಂಡರೆ ಮಾತ್ರ ಉತ್ತರ ಆ ಶಾಫ್ಟಿನದಾಗುತ್ತದೆ.