ಹಡಗಿಗೂ ಮೊದಲು ದೋಣಿ ಬಿಟ್ಟವರು: ಎಫ್ ಟೆಸ್ಟ್‌ನ ಕಥೆ

ಇವತ್ತಿನ ಸಂಚಿಕೆಯಲ್ಲಿ ಒಬ್ಬ ಸಾರ್ಜೆಂಟ್ ಇದ್ದಾನೆ, ಇಲ್ಲದ ಒಂದು ಕುದುರೆ ಇದೆ, ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಕ್ಲಾಸಿನಲ್ಲಿ ಇವತ್ತಿಗೂ ಕಲಿಸ್ತಾ ಇರೋ ಒಂದು ಅಭ್ಯಾಸ ಇದೆ. ಆ ಅಭ್ಯಾಸ ಸರಿಯಿಲ್ಲ ಅಂತ 1953ರಲ್ಲೇ ಒಬ್ಬರು ತೋರಿಸಿಕೊಟ್ಟಿದ್ದರು. ಆದರೂ ಅದು ಹೋಗಿಲ್ಲ.

ಅಭ್ಯಾಸ ಏನು ಅಂತ ಮೊದಲು ಹೇಳ್ತೀನಿ. ನಿಮ್ಮ ಹತ್ತಿರ ಎರಡು ಗುಂಪಿನ ಅಳತೆಗಳಿವೆ. ಎರಡರ ಸರಾಸರಿ ಬೇರೆಯಾ ಅಂತ ತಿಳೀಬೇಕು. ಅದಕ್ಕೆ ಟಿ ಟೆಸ್ಟ್ ಇದೆ. ಆದರೆ ಹಳೆಯ ಟಿ ಟೆಸ್ಟ್ ಎರಡೂ ಗುಂಪುಗಳ ಚದುರುವಿಕೆ, ಅಂದರೆ ವೇರಿಯನ್ಸ್, ಒಂದೇ ಅಂತ ಮೊದಲೇ ಅಂದುಕೊಳ್ಳುತ್ತದೆ. ಎರಡನ್ನೂ ಸೇರಿಸಿ ಒಂದೇ ವೇರಿಯನ್ಸ್ ಮಾಡಿಕೊಳ್ಳುತ್ತದೆ. ಅದಕ್ಕೇ ಅದರ ಹೆಸರು ಪೂಲ್ಡ್ ಟಿ ಟೆಸ್ಟ್. ಹಾಗಾಗಿ ಪಠ್ಯಪುಸ್ತಕಗಳು ಹೇಳೋದು ಹೀಗೆ: ಮೊದಲು ಎಫ್ ಟೆಸ್ಟ್ ಮಾಡಿ ವೇರಿಯನ್ಸ್ ಸಮ ಇದೆಯಾ ನೋಡಿ, ಸಮ ಇದ್ದರೆ ಪೂಲ್ಡ್ ಟಿ ಟೆಸ್ಟ್‌ಗೆ ಹೋಗಿ. ಕೇಳೋಕೆ ತುಂಬ ಜವಾಬ್ದಾರಿಯುತವಾಗಿ ಇದೆ, ಅಲ್ವಾ? ತೊಂದರೆ ಇರೋದು ಅಲ್ಲೇ.

ಕಥೆ ಡಬ್ಲಿನ್‌ನಿಂದ ಶುರುವಾಗುತ್ತದೆ. ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಗುಪ್ತನಾಮದಲ್ಲಿ ಒಂದು ಲೇಖನ ಬರೆದರು. ಅಳತೆಗಳು ಕೆಲವೇ ಇದ್ದಾಗ ಸರಾಸರಿಯನ್ನು ಎಷ್ಟು ನಂಬಬಹುದು ಅನ್ನೋದು ಅದರ ವಿಷಯ. ಟಿ ಟೆಸ್ಟ್‌ನ ಬೇರು ಅದೇ. ಅದನ್ನು ಬೆಳೆಸಿದವರು ರೊನಾಲ್ಡ್ ಫಿಶರ್. ಎರಡು ವೇರಿಯನ್ಸ್‌ಗಳನ್ನು ಹೋಲಿಸೋ ಗಣಿತವನ್ನೂ ಫಿಶರ್ ಕೊಟ್ಟರು. 1924ರಲ್ಲಿ ಟೊರಾಂಟೊದ ಗಣಿತ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಆದರೆ ಅವರು ನೇರವಾಗಿ ಭಾಗಾಕಾರ ಮಾಡ್ತಿರಲಿಲ್ಲ, ಲಾಗರಿದಮ್ ತೆಗೆದುಕೊಂಡು ಅದರ ಅರ್ಧವನ್ನು 'ಜೆಡ್' ಅಂತ ಕರೀತಿದ್ದರು. ಹೊಲದ ಪ್ರಯೋಗ ಮಾಡೋರಿಗೆ ಇದು ತಲೆನೋವು. 1932ರಲ್ಲಿ ನಮ್ಮ ಪಿ.ಸಿ. ಮಹಾಲನೋಬಿಸ್ ಲಾಗರಿದಮ್ ಬೇಡದ ಕೋಷ್ಟಕಗಳನ್ನು ಭಾರತದ ಕೃಷಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. 1934ರಲ್ಲಿ ಅಮೆರಿಕದ ಅಯೋವಾದಲ್ಲಿದ್ದ ಜಾರ್ಜ್ ಸ್ನೆಡೆಕರ್ ಕೂಡ ನೇರ ಅನುಪಾತದ ಕೋಷ್ಟಕ ಮಾಡಿ, ಫಿಶರ್ ಗೌರವಾರ್ಥ ಅದಕ್ಕೆ 'ಎಫ್' ಅಂತ ಹೆಸರಿಟ್ಟರು.

ಹೀಗೆ ಎಫ್ ಟೆಸ್ಟ್ ಎಲ್ಲರ ಕೈಗೆ ಸಿಕ್ಕಿತು. ಒಂದು ವೇರಿಯನ್ಸನ್ನು ಇನ್ನೊಂದರಿಂದ ಭಾಗಿಸು, ಕೋಷ್ಟಕ ನೋಡು, ಮುಗೀತು.

ಈಗ ಸಾರ್ಜೆಂಟ್ ಬರ್ತಾನೆ. ಹೆಸರು ಜಾರ್ಜ್ ಬಾಕ್ಸ್. ಕೆಮಿಸ್ಟ್ರಿ ಓದುತ್ತಿದ್ದ ಇಂಗ್ಲಿಷ್ ಹುಡುಗ, ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಿದವನು. ಅವನನ್ನು ಹಾಕಿದ್ದು ಪೋರ್ಟನ್ ಡೌನ್‌ನ ಪ್ರಯೋಗಾಲಯಕ್ಕೆ, ವಿಷಾನಿಲಗಳ ಪರಿಣಾಮ ಅಳೆಯೋ ಕೆಲಸಕ್ಕೆ. ಅಳತೆಗಳು ಒಂದಕ್ಕೊಂದು ತಾಳೆಯಾಗ್ತಾ ಇರಲಿಲ್ಲ. ಸ್ಟ್ಯಾಟಿಸ್ಟಿಕ್ಸ್ ಗೊತ್ತಿರೋರು ಯಾರೂ ಇಲ್ಲ, ನೀನೇ ಕಲಿ ಅಂದರು ಮೇಲಧಿಕಾರಿ. ಪುಸ್ತಕ ಓದಿ ಕಲಿತ. ಅರ್ಥವಾಗದ ಪ್ರಶ್ನೆಗಳು ಉಳಿದಾಗ ಫಿಶರ್ ಅವರನ್ನೇ ಕೇಳೋಣ ಅಂತ ತೀರ್ಮಾನವಾಯಿತು. ಆದರೆ ಒಬ್ಬ ಸಾರ್ಜೆಂಟ್ ಕೇಂಬ್ರಿಡ್ಜ್‌ನ ಪ್ರೊಫೆಸರ್ ಒಬ್ಬರನ್ನು ನೋಡೋಕೆ ಹೋಗೋದಕ್ಕೆ ಸೈನ್ಯದಲ್ಲಿ ಯಾವ ನಿಯಮವೂ ಇರಲಿಲ್ಲ. ಹಾಗಾಗಿ ಕೇಂಬ್ರಿಡ್ಜ್‌ಗೆ ಕುದುರೆ ಸಾಗಿಸೋಕೆ ಅಂತ ರೈಲ್ವೆ ಪಾಸ್ ಬರೆದುಕೊಟ್ಟರಂತೆ. ಈ ಕಥೆ ಬಾಕ್ಸ್ ಅವರೇ ಹೇಳ್ತಿದ್ದದ್ದು.

ಅದೇ ಬಾಕ್ಸ್ 1953ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಫಿಶರ್ ಹೆಸರಿನ ಅಕ್ಷರ ಹೊತ್ತ ಟೆಸ್ಟ್, ವೇರಿಯನ್ಸ್ ಹೋಲಿಸೋಕೆ ಬಳಸಿದಾಗ ಎಷ್ಟು ಸೂಕ್ಷ್ಮ ಅಂತ ಅದರಲ್ಲಿ ತೋರಿಸಿದರು. (ಕೆಲವು ವರ್ಷಗಳ ನಂತರ ಅವರು ಫಿಶರ್ ಮಗಳನ್ನೇ ಮದುವೆಯಾದರು, ಅದು ಬೇರೆ ಕಥೆ.) ಎಗನ್ ಪಿಯರ್ಸನ್ 1931ರಲ್ಲೇ ಈ ಬಗ್ಗೆ ಎಚ್ಚರಿಸಿದ್ದರು. ಬಾಕ್ಸ್ ಅದಕ್ಕೆ ಪೂರ್ತಿ ಲೆಕ್ಕ ಕೊಟ್ಟರು. 'ರೋಬಸ್ಟ್' ಅನ್ನೋ ಪದವನ್ನು ಸ್ಟ್ಯಾಟಿಸ್ಟಿಕ್ಸ್‌ಗೆ ತಂದ ಹೆಗ್ಗಳಿಕೆಯೂ ಆ ಲೇಖನದ್ದೇ.

ಏನು ತೊಂದರೆ? ಒಂದು ಚಿಕ್ಕ ಲೆಕ್ಕ ಹಾಕೋಣ, ನಾನೇ ಮಾಡಿಕೊಂಡ ಸಂಖ್ಯೆಗಳು. ಎರಡು ದಾರಿಯಲ್ಲಿ ಆಫೀಸಿಗೆ ಹೋಗೋಕೆ ಎಷ್ಟು ನಿಮಿಷ ಬೇಕು ಅಂತ ಹತ್ತತ್ತು ದಿನ ಅಳೆದಿದ್ದೀರಿ ಅಂದುಕೊಳ್ಳಿ.

ಮೊದಲ ದಾರಿ: 21, 23, 24, 24, 25, 25, 26, 26, 27, 29. ಸರಾಸರಿ 25. ಪ್ರತಿ ಅಳತೆ 25ರಿಂದ ಎಷ್ಟು ದೂರ ಇದೆ ನೋಡಿ, ವರ್ಗ ಮಾಡಿ ಕೂಡಿಸಿದರೆ 44. ಅದನ್ನು 9ರಿಂದ ಭಾಗಿಸಿದರೆ ವೇರಿಯನ್ಸ್, ಸುಮಾರು 4.9.

ಎರಡನೇ ದಾರಿ: 23, 25, 26, 26, 27, 27, 28, 28, 29, ಕೊನೆಯ ದಿನ 31. ಗಮನಿಸಿ, ಇದು ಮೊದಲ ದಾರಿಗೆ ಎರಡೆರಡು ನಿಮಿಷ ಸೇರಿಸಿದ್ದು, ಅಷ್ಟೇ. ವೇರಿಯನ್ಸ್ ಅದೇ 4.9. ಎಫ್ ಅಂದರೆ ಅನುಪಾತ, ಸರಿಯಾಗಿ 1.

ಈಗ ಕೊನೆಯ ದಿನ ಜಾಮ್ ಆಗಿ 31ರ ಬದಲು 41 ನಿಮಿಷ ಹಿಡಿಯಿತು ಅಂತಿಟ್ಟುಕೊಳ್ಳಿ. ಸರಾಸರಿ 27ರಿಂದ 28ಕ್ಕೆ ಹೋಗುತ್ತದೆ, ಒಂದೇ ನಿಮಿಷ ವ್ಯತ್ಯಾಸ. ಆದರೆ ವರ್ಗಗಳ ಮೊತ್ತ 44ರಿಂದ 214ಕ್ಕೆ ಜಿಗಿಯುತ್ತದೆ! ಅದರಲ್ಲಿ 169 ಆ ಒಂದು ದಿನದ್ದೇ. ಎಫ್ ಈಗ 4.86. ಹತ್ತತ್ತು ಅಳತೆಗೆ, ಶೇಕಡಾ 5ರ ಮಟ್ಟದಲ್ಲಿ, ಗಡಿ 4.03. ಎಫ್ ಟೆಸ್ಟ್ ಗಂಟೆ ಬಾರಿಸಿಬಿಟ್ಟಿತು: ವೇರಿಯನ್ಸ್ ಸಮ ಇಲ್ಲ, ಪೂಲ್ಡ್ ಟಿ ಟೆಸ್ಟ್ ಮಾಡಬೇಡಿ!

ಮಾಡಿಬಿಟ್ಟರೆ ಏನಾಗುತ್ತೆ? ನೋಡೋಣ. ಪೂಲ್ಡ್ ಟಿ 1.77 ಬರುತ್ತದೆ, ಅದರ ಗಡಿ 2.10. ವೇರಿಯನ್ಸ್ ಬೇರೆ ಇದ್ದರೂ ನಡೆಯೋ ವೆಲ್ಚ್ ಟಿ ಟೆಸ್ಟ್ ಮಾಡಿದರೂ ಅದೇ 1.77, ಗಡಿ ಮಾತ್ರ ಸುಮಾರು 2.17. ಎರಡೂ ಹೇಳೋದು ಒಂದೇ: ಸರಾಸರಿ ಬೇರೆ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ. ಎರಡೂ ಗುಂಪಿನ ಗಾತ್ರ ಸಮ ಇದ್ದರೆ ಟಿ ಸಂಖ್ಯೆ ಎರಡು ವಿಧಾನದಲ್ಲೂ ಒಂದೇ ಬರುತ್ತದೆ. ಅಂದರೆ ಎಫ್ ಬಾರಿಸಿದ ಗಂಟೆಯಿಂದ ಇಲ್ಲಿ ತೀರ್ಮಾನ ಬದಲಾಗಲಿಲ್ಲ.

ಇದು ಒಂದು ದಿನದ ಜಾಮ್ ಕಥೆ ಮಾತ್ರ ಅಲ್ಲ. ಎಫ್ ಕೋಷ್ಟಕ ಅಳತೆಗಳು ಗಂಟೆಯಾಕಾರದ ನಾರ್ಮಲ್ ಹಂಚಿಕೆಯಿಂದ ಬಂದಿವೆ ಅಂತ ನಂಬಿ ಮಾಡಿದ್ದು. ನಿಜ ಜೀವನದ ಅಳತೆಗಳಲ್ಲಿ ಆಗಾಗ ಒಂದು ತುಂಬ ದೂರ ಹೋಗುತ್ತದೆ, ಅಂದರೆ ಹಂಚಿಕೆಯ ಬಾಲ ದಪ್ಪ. ಬಾಲ ಎಷ್ಟು ದಪ್ಪ ಅನ್ನೋದಕ್ಕೆ ಕರ್ಟೋಸಿಸ್ ಅಂತ ಒಂದು ಅಳತೆ ಇದೆ. ನಾರ್ಮಲ್ ಹಂಚಿಕೆಗೆ ಅದು 0. ಅದು 2 ಇದ್ದರೆ, ಎರಡು ಗುಂಪುಗಳ ನಿಜವಾದ ವೇರಿಯನ್ಸ್ ಒಂದೇ ಆಗಿದ್ದರೂ, ಎಫ್ ಟೆಸ್ಟ್ ನೂರಕ್ಕೆ 5 ಸಲ ಅಲ್ಲ, ಸುಮಾರು 17 ಸಲ ಸುಳ್ಳು ಗಂಟೆ ಬಾರಿಸುತ್ತದೆ. ಬಾಲ ತೆಳ್ಳಗಿದ್ದು ಕರ್ಟೋಸಿಸ್ ಮೈನಸ್ 1 ಆದರೆ ಉಲ್ಟಾ: ನೂರಕ್ಕೆ ಅರ್ಧ ಸಲ, ಅಂದರೆ ಹೆಚ್ಚುಕಡಿಮೆ ಮೂಕ.

ಹೆಚ್ಚು ಅಳತೆ ತೆಗೆದುಕೊಂಡರೆ ಸರಿಹೋಗುತ್ತೆ ಅಂತ ನಿಮಗೆ ಅನ್ನಿಸಬಹುದು. ಇಲ್ಲ, ನಾನು ಈಗ ಹೇಳಿದ ಸಂಖ್ಯೆಗಳು ದೊಡ್ಡ ಗುಂಪುಗಳದ್ದೇ. ಸರಾಸರಿಯಲ್ಲಿ ದೊಡ್ಡದು, ಚಿಕ್ಕದು ಒಂದಕ್ಕೊಂದು ಹೊಡೆದುಹೋಗುತ್ತವೆ. ಅಳತೆ ಹೆಚ್ಚಾದಷ್ಟೂ ಸರಾಸರಿಯ ನಡತೆ ಗಂಟೆಯಾಕಾರಕ್ಕೆ ಬರುತ್ತದೆ, ಮೂಲ ಹಂಚಿಕೆಯ ಆಕಾರ ಮರೆತುಹೋಗುತ್ತದೆ. ಟಿ ಟೆಸ್ಟ್ ಗಟ್ಟಿಯಾಗಿರೋದು ಅದರಿಂದ. ಆದರೆ ವೇರಿಯನ್ಸ್‌ನ ಲೆಕ್ಕ ಎಷ್ಟು ಅಲುಗಾಡುತ್ತೆ ಅನ್ನೋದನ್ನು ನಿರ್ಧರಿಸೋದೇ ಬಾಲದ ದಪ್ಪ. ಸಾವಿರ ಅಳತೆ ತಂದರೂ ಆ ದಪ್ಪ ಹೋಗಲ್ಲ, ಕೋಷ್ಟಕಕ್ಕೂ ನಿಜಕ್ಕೂ ಇರೋ ಅಂತರ ಹಾಗೇ ಉಳಿಯುತ್ತದೆ.

ಬಾಕ್ಸ್ ಇದನ್ನು ಒಂದು ಹೋಲಿಕೆಯಲ್ಲಿ ಹಿಡಿದಿಟ್ಟರು. ದೊಡ್ಡ ಹಡಗು ಬಂದರಿನಿಂದ ಹೊರಡುವಷ್ಟು ಸಮುದ್ರ ಶಾಂತವಾಗಿದೆಯಾ ಅಂತ ತಿಳಿಯೋಕೆ ಹುಟ್ಟು ಹಾಕೋ ಪುಟ್ಟ ದೋಣಿಯಲ್ಲಿ ಹೋದ ಹಾಗೆ, ಅಂತ ಅದರ ತಾತ್ಪರ್ಯ. ಹಡಗಿಗೆ ಏನೂ ಆಗದ ಅಲೆಗೆ ದೋಣಿ ಮುಳುಗುತ್ತದೆ.

ಹಾಗಾದರೆ ಪೂಲ್ಡ್ ಟಿ ಟೆಸ್ಟ್ ಯಾವಾಗಲೂ ಸುರಕ್ಷಿತನಾ? ಅಲ್ಲ. ಗುಂಪುಗಳ ಗಾತ್ರ ಬೇರೆಯಾಗಿ, ಚಿಕ್ಕ ಗುಂಪಿನಲ್ಲೇ ಚದುರುವಿಕೆ ಹೆಚ್ಚಿದ್ದರೆ ಅದು ನಿಜವಾಗಲೂ ಮೋಸ ಮಾಡುತ್ತದೆ. ಒಂದು ಗುಂಪಲ್ಲಿ 5 ಅಳತೆ, ಇನ್ನೊಂದರಲ್ಲಿ 20 ಇವೆ ಅನ್ನಿ. ಚಿಕ್ಕ ಗುಂಪಿನ ವೇರಿಯನ್ಸ್ ನಾಲ್ಕು ಪಟ್ಟು. ಪೂಲ್ ಮಾಡಿದಾಗ 20 ಅಳತೆಯ ಶಾಂತ ಗುಂಪಿನ ಮಾತೇ ನಡೆಯುತ್ತದೆ, ಅನಿಶ್ಚಿತತೆ ಇರೋದಕ್ಕಿಂತ ಕಡಿಮೆ ಕಾಣುತ್ತದೆ. ಸರಾಸರಿಗಳು ಒಂದೇ ಇದ್ದರೂ ನೂರಕ್ಕೆ 5ರ ಬದಲು 15ಕ್ಕಿಂತ ಹೆಚ್ಚು ಸಲ 'ಬೇರೆ ಇದೆ' ಅಂದುಬಿಡುತ್ತದೆ.

ಇಲ್ಲಾದರೂ ಎಫ್ ಟೆಸ್ಟ್ ಕಾಪಾಡಬೇಕಿತ್ತು. ಆದರೆ ಹಂಚಿಕೆ ಪಕ್ಕಾ ನಾರ್ಮಲ್ ಇದ್ದಾಗಲೂ, ಈ ಗಾತ್ರದಲ್ಲಿ, ನಾಲ್ಕು ಪಟ್ಟು ವ್ಯತ್ಯಾಸವನ್ನು ಅದು ಹಿಡಿಯೋದು ಸುಮಾರು ಅರ್ಧ ಸಲ ಮಾತ್ರ. ಉಳಿದರ್ಧ ಸಲ 'ಏನೂ ತೊಂದರೆ ಇಲ್ಲ, ಹೋಗಿ' ಅನ್ನುತ್ತದೆ. ಬೇಡದ ಕಡೆ ಕೂಗೋ, ಬೇಕಾದ ಕಡೆ ನಿದ್ದೆ ಮಾಡೋ ಕಾವಲುಗಾರ.

ದಾರಿ ಏನು? ಬರ್ನಾರ್ಡ್ ವೆಲ್ಚ್ 1947ರಲ್ಲೇ ವೇರಿಯನ್ಸ್ ಸಮ ಇರಲೇಬೇಕು ಅನ್ನೋ ಷರತ್ತನ್ನು ಬಿಟ್ಟ ಟಿ ಟೆಸ್ಟ್ ಕೊಟ್ಟಿದ್ದರು. ಮೊದಲು ಎಫ್ ನೋಡಿ ಆಮೇಲೆ ಆಯ್ಕೆ ಮಾಡೋದರ ಬದಲು, ನೇರವಾಗಿ ವೆಲ್ಚ್ ಮಾಡಿ. ವೇರಿಯನ್ಸ್ ಸಮ ಇದ್ದರೂ ಕಳೆದುಕೊಳ್ಳೋದು ಅತ್ಯಲ್ಪ. ಆರ್‌ನಲ್ಲಿ `t.test(a, b)` ಅಂತ ಕೊಟ್ಟರೆ ಬರೋದು ವೆಲ್ಚೇ. ಆದರೆ ಪೈಥಾನ್‌ನ ಸೈಪೈಯಲ್ಲಿ `ttest_ind` ಪೂಲ್ಡ್ ಮಾಡುತ್ತದೆ, ನೀವೇ `equal_var=False` ಅಂತ ಬರೀಬೇಕು. ಗುಂಪುಗಳ ಗಾತ್ರ ಬೇರೆ ಇದ್ದಾಗ ಇದನ್ನು ಮರೆಯಬೇಡಿ. ವೆಲ್ಚ್‌ಗೂ ಮಿತಿ ಇದೆ: ಅಳತೆಗಳು ತೀರಾ ಕಡಿಮೆ ಇದ್ದು ಹಂಚಿಕೆ ಒಂದೇ ಕಡೆ ವಾಲಿದ್ದರೆ ಅದೂ ತಪ್ಪುತ್ತದೆ. ಹಾಗಾಗಿ ಲೆಕ್ಕಕ್ಕೆ ಮೊದಲು ಚುಕ್ಕೆಗಳನ್ನು ಇಟ್ಟು ಒಂದು ಚಿತ್ರ ನೋಡಿ.

ಚದುರುವಿಕೆಯೇ ನಿಮ್ಮ ಪ್ರಶ್ನೆ ಆಗಿದ್ದರೆ, ಉದಾಹರಣೆಗೆ ಯಾವ ದಾರಿಯ ಸಮಯ ಹೆಚ್ಚು ಏರುಪೇರು ಅಂತ ತಿಳೀಬೇಕಿದ್ದರೆ, 1974ರ ಬ್ರೌನ್–ಫೋರ್ಸೈತ್ ಟೆಸ್ಟ್ ಬಳಸಿ. ಅದು ಪ್ರತಿ ಅಳತೆ ಮಧ್ಯದ ಸಂಖ್ಯೆಯಿಂದ ಎಷ್ಟು ದೂರ ಅಂತ ನೋಡುತ್ತದೆ, ವರ್ಗ ಮಾಡದೆ ಆ ದೂರಗಳ ಸರಾಸರಿಯನ್ನು ಹೋಲಿಸುತ್ತದೆ. ಆ 41 ನಿಮಿಷದ ದಿನ ಅಲ್ಲಿ 169 ಆಗಿ ಅಬ್ಬರಿಸೋದಿಲ್ಲ, ಬರೀ ಹದಿನಾಲ್ಕು ನಿಮಿಷವಾಗಿ ಲೆಕ್ಕಕ್ಕೆ ಬರುತ್ತದೆ. ವೇರಿಯನ್ಸ್ ಪ್ರಶ್ನೆಯನ್ನೂ ಸರಾಸರಿ ಪ್ರಶ್ನೆಯಾಗಿ ಬದಲಾಯಿಸಿದ್ದೇ ಅದರ ಜಾಣತನ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.