ಸಂಘದ ಪುಸ್ತಕದಲ್ಲಿ ನಮ್ಮ ದುಡ್ಡು, ಬ್ಯಾಂಕಿನ ದುಡ್ಡು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಹಳೇಬೀಡಿಗೆ ತಿರುಗುವ ಊರು ಹಗರೆ. ಆಲೂಗಡ್ಡೆ, ಜೋಳ, ರಾಗಿ ಬೆಳೆಯುವ ಸೀಮೆ ಇದು. ಮುಂಗಾರಿನ ಹೊತ್ತಿಗೆ ಬಿತ್ತನೆ ಗಡ್ಡೆಗೂ ಗೊಬ್ಬರಕ್ಕೂ ಒಟ್ಟಿಗೇ ದುಡ್ಡು ಬೇಕಾಗುತ್ತದೆ, ಮಾರಿದ ಹಣ ಕೈಗೆ ಬರಲು ತಿಂಗಳುಗಳು ಹಿಡಿಯುತ್ತವೆ. ಮಹಿಳಾ ಸಂಘಗಳ ಸಾಲ ಹೆಚ್ಚಾಗಿ ಓಡಾಡುವುದು ಈ ನಡುವಿನ ಅವಧಿಯಲ್ಲೇ. ಕರ್ನಾಟಕದಲ್ಲಿ 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. 2000–01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂತು, ಆಮೇಲೆ ಸಂಜೀವಿನಿ. ಯೋಜನೆಯ ಹೆಸರು ಏನೇ ಇರಲಿ, ಪುಸ್ತಕ ಬರೆಯುವ ಲೆಕ್ಕ ಒಂದೇ. ಅದನ್ನು ತಿಳಿಯಲು ಹತ್ತು ಸದಸ್ಯೆಯರ ಒಂದು ಮಾದರಿ ಸಂಘವನ್ನು ಇಟ್ಟುಕೊಳ್ಳೋಣ. ಇಲ್ಲಿನ ಅಂಕಿಗಳು ಉದಾಹರಣೆಗಾಗಿ ಮಾತ್ರ.

ವಾರದ ಸಭೆಯಲ್ಲಿ ಬರೆಯುವುದು

ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಸಭೆ ಸೇರಿದಾಗ ಮೊದಲು ಹಾಜರಾತಿ, ಆಮೇಲೆ ಉಳಿತಾಯ, ಆಮೇಲೆ ಹಳೇ ಸಾಲದ ಕಂತು, ಕೊನೆಗೆ ಹೊಸ ಸಾಲದ ಬೇಡಿಕೆ. ಯಾರಿಗೆ ಎಷ್ಟು ಸಾಲ, ಯಾವ ಕೆಲಸಕ್ಕೆ, ಎಷ್ಟು ಕಂತಿಗೆ ಎಂಬುದು ನಡಾವಳಿ ಪುಸ್ತಕದಲ್ಲಿ ಎಲ್ಲರ ಸಹಿಯೊಂದಿಗೆ ಇರಬೇಕು. ಹಣ ಬಂದದ್ದು, ಹೋದದ್ದು ನಗದು ಪುಸ್ತಕಕ್ಕೆ; ಪ್ರತಿ ಸದಸ್ಯೆಯ ಉಳಿತಾಯ ಮತ್ತು ಸಾಲ ಅವರವರ ಹೆಸರಿನ ಖಾತೆಗೆ; ಅದೇ ಅಂಕಿ ಅವರ ಕೈಯಲ್ಲಿರುವ ಪಾಸ್‌ಪುಸ್ತಕಕ್ಕೆ. ಒಂದೇ ಅಂಕಿಯನ್ನು ಮೂರು ಕಡೆ ಏಕೆ ಬರೆಯಬೇಕು ಎಂದು ಬರೆಯುವವರು ಗೊಣಗುವುದುಂಟು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಸಿಕ್ಕಿಬೀಳಲಿ ಎಂಬುದೇ ಅದರ ಉದ್ದೇಶ.

ಒಳಸಾಲದ ಬಡ್ಡಿ

ಸಂಘದ ಸ್ವಂತ ಹಣದಿಂದ ಕೊಡುವ ಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಎಂದಿಟ್ಟುಕೊಳ್ಳಿ. ಒಬ್ಬ ಸದಸ್ಯೆ ಬಿತ್ತನೆ ಆಲೂಗಡ್ಡೆಗೆಂದು 6,000 ರೂಪಾಯಿ ಪಡೆದು ತಿಂಗಳಿಗೆ 1,000ದಂತೆ ಅಸಲು ತೀರಿಸುತ್ತಾರೆ. ಬಾಕಿ ಉಳಿದ ಅಸಲಿಗಷ್ಟೇ ಬಡ್ಡಿ ಹಾಕಬೇಕು: ಮೊದಲ ತಿಂಗಳು 120, ಮುಂದೆ 100, 80, 60, 40, 20. ಆರು ತಿಂಗಳಿಗೆ ಒಟ್ಟು 420. ಲೆಕ್ಕ ಸುಲಭವಾಗಲೆಂದು ಪ್ರತಿ ತಿಂಗಳೂ 120 ವಸೂಲು ಮಾಡಿದರೆ 720 ಆಗುತ್ತದೆ. ಹೆಚ್ಚುವರಿ 300 ರೂಪಾಯಿ ಆ ಹೆಣ್ಣುಮಗಳ ಜೇಬಿನಿಂದ ಹೋಗಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಪುಸ್ತಕ ಒಂದಕ್ಕೊಂದು ತಾಳೆಯಾಗಿಯೇ ಇರುತ್ತದೆ.

ಎರಡನೇ ತಿಂಗಳು ಬೆಳೆಗೆ ಅಂಗಮಾರಿ ಬಿದ್ದು, ಅವರು 500 ಮಾತ್ರ ತಂದರು ಎನ್ನೋಣ. ಬಾಕಿ 5,000ಕ್ಕೆ ಬಡ್ಡಿ 100. ಮೊದಲು ಅದು ಜಮಾ, ಉಳಿದ 400 ಅಸಲಿಗೆ. ಹೊಸ ಬಾಕಿ 4,600, ಮುಂದಿನ ತಿಂಗಳ ಬಡ್ಡಿ 92. ‘ಕಂತು 500’ ಎಂದು ಒಂದೇ ಮನೆಯಲ್ಲಿ ಬರೆದುಬಿಟ್ಟರೆ ಇದರಲ್ಲಿ ಗಳಿಕೆ ಎಷ್ಟು, ಮರಳಿ ಬಂದ ಅಸಲು ಎಷ್ಟು ಎಂಬುದು ಮುಂದೆ ಯಾರಿಗೂ ಗೊತ್ತಾಗದು. ಆದ್ದರಿಂದ ಅಸಲಿಗೂ ಬಡ್ಡಿಗೂ ಬೇರೆ ಬೇರೆ ಮನೆ ಬೇಕು.

ಸ್ವಂತ ನಿಧಿ ಎಷ್ಟು?

46 ವಾರ ಕಳೆದ ಮೇಲೆ ನಮ್ಮ ಮಾದರಿ ಸಂಘದ ಉಳಿತಾಯ 23,000. ಬಂದ ಬಡ್ಡಿ 2,400, ದಂಡ 100. ಪುಸ್ತಕ, ಓಡಾಟದ ಖರ್ಚು 500. ಹಾಗಾಗಿ ನಿವ್ವಳ ಗಳಿಕೆ 2,000, ಸ್ವಂತ ನಿಧಿ 25,000. ಈ ಹಣ ಎಲ್ಲಿದೆ ಎಂದೂ ತೋರಿಸಬೇಕು: ಸದಸ್ಯೆಯರ ಬಳಿ ಸಾಲವಾಗಿ 19,000, ಬ್ಯಾಂಕ್ ಖಾತೆಯಲ್ಲಿ 5,400, ಪೆಟ್ಟಿಗೆಯಲ್ಲಿ 600. ಕೂಡಿದರೆ 25,000. ಕೂಡದಿದ್ದರೆ ಪೆಟ್ಟಿಗೆ ತೆರೆದು ಎಣಿಸುವುದರಿಂದ ಶುರುಮಾಡಿ.

ಉಳಿತಾಯ ಸದಸ್ಯೆಯರದು, ಗಳಿಕೆ ಎಲ್ಲರದು. ಈಗ ಒಬ್ಬರು ಸಂಘ ಬಿಟ್ಟರೆ ಅವರ ಉಳಿತಾಯ 2,300, ಗಳಿಕೆಯಲ್ಲಿ ಸಮಪಾಲು ಕೊಡುವ ನಿಯಮವಿದ್ದರೆ ಇನ್ನೂ 200. ಅದರಲ್ಲಿ ಅವರ ಸಾಲ ಕಳೆದು ಉಳಿದದ್ದು ಅವರಿಗೆ. ಆದರೆ ಮುಕ್ಕಾಲು ಪಾಲು ಹಣ ಸಾಲವಾಗಿ ಹೊರಗಿರುವುದರಿಂದ ಅಂದೇ ಕೈಗೆ ಸಿಗುತ್ತದೆ ಎಂದು ನಂಬುವಂತಿಲ್ಲ.

ಬ್ಯಾಂಕ್ ಸಾಲ ಬಂದ ದಿನ

ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದ ಸಂಘಗಳಿಗೆ ರಿಸರ್ವ್ ಬ್ಯಾಂಕ್ ಸೂಚಿಸಿರುವ ಮೊದಲ ಸಾಲ, ನಿಧಿಯ ಆರು ಪಟ್ಟು ಅಥವಾ ಕನಿಷ್ಠ ಒಂದೂವರೆ ಲಕ್ಷ, ಯಾವುದು ಹೆಚ್ಚೋ ಅದು. ಉಳಿತಾಯ, ಬಡ್ಡಿ ಗಳಿಕೆ, ಸರ್ಕಾರದಿಂದ ಬಂದ ಸುತ್ತುನಿಧಿ ಎಲ್ಲವೂ ಈ ನಿಧಿಯ ಲೆಕ್ಕಕ್ಕೆ ಸೇರುತ್ತವೆ. ಸಂಘ ಕನಿಷ್ಠ ಆರು ತಿಂಗಳು ನಡೆದಿರಬೇಕು. ಆ ಆರು ತಿಂಗಳನ್ನು ಎಣಿಸುವುದು ಪುಸ್ತಕ ಬರೆಯತೊಡಗಿದ ದಿನದಿಂದ, ಬ್ಯಾಂಕ್ ಖಾತೆ ತೆರೆದ ದಿನದಿಂದಲ್ಲ.

25,000ದ ಆರು ಪಟ್ಟು 1,50,000 ಖಾತೆಗೆ ಬಂತು. ಇದು ಜಮಾ ಕಡೆಯಲ್ಲಿ ಬಂದರೂ ಆದಾಯವಲ್ಲ, ಸಂಘದ ತಲೆಯ ಮೇಲಿನ ಋಣ. ‘ಬ್ಯಾಂಕ್ ಸಾಲ’ ಎಂಬ ಬೇರೆ ಖಾತೆ ತೆರೆದು ಅಲ್ಲಿಗೆ ಬರೆಯಬೇಕು. ಅದರಿಂದ ಸದಸ್ಯೆಯರಿಗೆ ಕೊಟ್ಟ ಸಾಲವನ್ನೂ ಒಳಸಾಲದ ಜೊತೆ ಕಲಸದೆ ಪ್ರತ್ಯೇಕ ಪುಟದಲ್ಲಿ ಇಡಬೇಕು.

ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ. 7, ಸಂಘ ಸದಸ್ಯೆಯರಿಗೆ ಹಾಕುವುದು ತಿಂಗಳಿಗೆ ನೂರಕ್ಕೆ ಒಂದು, ಅಸಲು ತೀರಿಸಲು 30 ತಿಂಗಳು ಎಂದುಕೊಳ್ಳೋಣ. ಮೊದಲ ತಿಂಗಳು ಸದಸ್ಯೆಯರಿಂದ ಅಸಲು 5,000, ಬಡ್ಡಿ 1,500, ಒಟ್ಟು 6,500 ಬರುತ್ತದೆ. ಬ್ಯಾಂಕಿಗೆ ಅಸಲು 5,000, ಬಡ್ಡಿ ಸುಮಾರು 875. ಉಳಿಯುವುದು 625. ಗಳಿಕೆ ಇಷ್ಟೇ. ಬಂದ 1,500ನ್ನು ಪೂರ್ತಿ ಲಾಭವೆಂದು ಬರೆದು ಪಾಲು ಹಂಚಿದ ಸಂಘ ತನ್ನ ಉಳಿತಾಯವನ್ನೇ ತಿನ್ನತೊಡಗಿದೆ ಎಂದರ್ಥ.

ಈಗ ತಲಾ 15,000 ಪಡೆದ ಇಬ್ಬರು ಆ ತಿಂಗಳು ಕಟ್ಟಲಿಲ್ಲ. ಬಂದದ್ದು 5,200, ಬ್ಯಾಂಕಿಗೆ ಬೇಕಾದದ್ದು 5,875. 625ರ ಅಂತರ ಹೋಯಿತು, ಮೇಲೆ 675 ರೂಪಾಯಿಯನ್ನು ಸ್ವಂತ ನಿಧಿಯಿಂದ ತುಂಬಬೇಕಾಯಿತು. ಹತ್ತರಲ್ಲಿ ಇಬ್ಬರ ಸುಸ್ತಿ ಸಾಕು. ತುಂಬಿದ ಹಣವನ್ನು ಖರ್ಚೆಂದು ಬರೆದು ಮುಗಿಸದೆ, ಆ ಇಬ್ಬರ ಬಾಕಿಯನ್ನು ಅವರ ಪುಟದಲ್ಲಿ ಹಾಗೆಯೇ ಉಳಿಸಬೇಕು.

ಎಲ್ಲಿ ಅನುಮಾನ ಪಡಬೇಕು

ಬ್ಯಾಂಕ್ ಸಾಲವನ್ನು ಹತ್ತು ಮಂದಿಗೂ ಸಮನಾಗಿ ಹಂಚಿದ ಪುಟ ಕಂಡರೆ ಸ್ವಲ್ಪ ನಿಲ್ಲಿ. ಎಲ್ಲರಿಗೂ ಒಂದೇ ದಿನ ಒಂದೇ ಮೊತ್ತದ ಅಗತ್ಯ ಬೀಳುವುದು ಅಪರೂಪ. ಬೇಡದವರ ಹೆಸರಿನಲ್ಲಿ ಬೇಕಾದವರು ತೆಗೆದುಕೊಂಡಿರುತ್ತಾರೆ, ಕಂತು ತಪ್ಪಿದಾಗ ಜವಾಬ್ದಾರಿ ಹೆಸರು ಕೊಟ್ಟವರ ಕೊರಳಿಗೆ.

ಇನ್ನೊಂದು, ಪುಸ್ತಕದಲ್ಲಷ್ಟೇ ನಡೆಯುವ ಮರುಪಾವತಿ. ಹಳೇ ಸಾಲ 8,000 ಪೂರ್ತಿ ತೀರಿತು, ಅದೇ ದಿನ ಅದೇ ಸದಸ್ಯೆಗೆ 8,000 ಹೊಸ ಸಾಲ. ಪೆಟ್ಟಿಗೆಯ ಹಣ ಕದಲಿಲ್ಲ, ಆದರೆ ಸುಸ್ತಿ ಮಾಯವಾಯಿತು. ಬೆಳೆ ಕೈಕೊಟ್ಟವರಿಗೆ ಗಡುವು ವಿಸ್ತರಿಸುವುದರಲ್ಲಿ ತಪ್ಪಿಲ್ಲ. ಹಾಗೆಂದು ನಡಾವಳಿಯಲ್ಲಿ ನೇರವಾಗಿ ಬರೆಯಿರಿ.

ಇನ್ನು ಬ್ಯಾಂಕಿನ ಕಡೆಯಿಂದ. ರಿಸರ್ವ್ ಬ್ಯಾಂಕಿನ ಇದೇ ಸೂಚನೆಗಳ ಪ್ರಕಾರ 10 ಲಕ್ಷದವರೆಗಿನ ಸಂಘದ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಠೇವಣಿ ಇಡಿ ಎನ್ನುವಂತಿಲ್ಲ, ಸಂಘದ ಉಳಿತಾಯ ಖಾತೆಯಲ್ಲಿರುವ ಹಣವನ್ನು ಸಾಲಕ್ಕೆ ಭದ್ರತೆಯೆಂದು ತಡೆಹಿಡಿಯುವಂತಿಲ್ಲ. ಯಾರಾದರೂ ಹಾಗೆ ಕೇಳಿದರೆ ಬರವಣಿಗೆಯಲ್ಲಿ ಕೊಡಿ ಎನ್ನಿ.