ಹನ್ನೆರಡಕ್ಕೇ ‘ಫಾಸ್ಟ್ ಬೌಲರ್’ ಆದ ಹುಡುಗನ ಬೆನ್ನಿಗೆ ಏನಾಗುತ್ತದೆ?

ಮೂಗೂರಿನ ಕಡೆಯ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ವಯಸ್ಸು ಹನ್ನೆರಡು, ಓರಗೆಯವರಿಗಿಂತ ಒಂದು ಗೇಣು ಎತ್ತರ. ಟೆನಿಸ್ ಬಾಲ್ ಟೂರ್ನಮೆಂಟಿನಲ್ಲಿ ಅವನ ಬೌಲಿಂಗ್ ನೋಡಿದ ಯಾರೋ, ‘ಇವನನ್ನು ಮೈಸೂರಿಗೆ ಸೇರಿಸಿ, ಇಲ್ಲಿ ವೇಸ್ಟ್ ಆಗ್ತಾನೆ’ ಎಂದರು. ಅಪ್ಪ ಸಾಲ ಮಾಡಿ ಕಿಟ್ ತಂದರು. ಈಗ ವಾರದಲ್ಲಿ ನಾಲ್ಕು ದಿನ ಸಂಜೆ ಎರಡೆರಡು ಗಂಟೆ ನೆಟ್ಸ್, ಶನಿವಾರ ಮತ್ತು ಭಾನುವಾರ ನಾಲ್ಕು ನಾಲ್ಕು ಗಂಟೆ ಮ್ಯಾಚು. ಖೋ ಖೋ ಬಿಡಿಸಿದ್ದಾರೆ, ಕಾಲು ಉಳುಕಿದರೆ ಕಷ್ಟ ಅಂತ. ಕೆರೆಯಲ್ಲಿ ಈಜುವುದನ್ನೂ ಬಿಡಿಸಿದ್ದಾರೆ.

ಇಂಥ ಹುಡುಗ ನಮ್ಮ ಪ್ರತಿ ಹೋಬಳಿಯಲ್ಲೂ ಒಬ್ಬನಾದರೂ ಸಿಗುತ್ತಾನೆ. ಅವನ ವಾರದ ಲೆಕ್ಕವನ್ನು ಒಮ್ಮೆ ಹಾಕೋಣ.

ಮಕ್ಕಳ ಕ್ರೀಡಾ ಗಾಯಗಳನ್ನು ಅಧ್ಯಯನ ಮಾಡಿದ ವೈದ್ಯರು ಒಂದು ಸರಳ ಅಳತೆ ಕೊಟ್ಟಿದ್ದಾರೆ: ಮಗುವಿಗೆ ಎಷ್ಟು ವರ್ಷವೋ, ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ಕೋಚಿಂಗ್, ಮ್ಯಾಚು ಇರಬಾರದು. ಜೊತೆಗೆ, ಕೋಚ್ ಹೇಳಿದಂತೆ ಆಡುವ ಸಮಯ ತನ್ನಿಷ್ಟದಂತೆ ಆಡುವ ಸಮಯದ ಎರಡು ಪಟ್ಟನ್ನು ದಾಟಬಾರದು. ನಮ್ಮ ಹುಡುಗನ ಮಿತಿ ಹನ್ನೆರಡು ಗಂಟೆ, ಆಡುತ್ತಿರುವುದು ಹದಿನಾರು. ಆ ಹದಿನಾರಕ್ಕೆ ಸರಿದೂಗಲು ಕನಿಷ್ಠ ಎಂಟು ಗಂಟೆ ಲಗೋರಿ, ಮರಕೋತಿ, ಬೀದಿ ಕಬಡ್ಡಿ ಏನಾದರೂ ಇರಬೇಕಿತ್ತು. ಬಸ್ಸು, ಹೋಮ್‌ವರ್ಕ್ ಕಳೆದರೆ ಉಳಿಯುವುದು ಸೊನ್ನೆ.

ಗಂಟೆಗಿಂತ ಗಂಭೀರವಾದದ್ದು ಎಸೆತಗಳ ಲೆಕ್ಕ. ನೆಟ್ಸ್‌ನಲ್ಲಿ ದಿನಕ್ಕೆ ಅರವತ್ತು ಎಸೆತ ಎಂದರೂ ನಾಲ್ಕು ದಿನಕ್ಕೆ ಇನ್ನೂರ ನಲವತ್ತು. ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ವೇಗದ ಬೌಲರ್‌ಗಳಿಗಾಗಿ ರೂಪಿಸಿದ ನಿಯಮದಲ್ಲಿ ಹದಿಮೂರರೊಳಗಿನವರಿಗೆ ಇದ್ದ ಮಿತಿ ಹೀಗಿತ್ತು: ಅಭ್ಯಾಸ ವಾರಕ್ಕೆ ಎರಡೇ ಸಲ, ಸಲಕ್ಕೆ ಮೂವತ್ತು ಎಸೆತ, ಪಂದ್ಯದಲ್ಲಿ ಒಂದು ಸ್ಪೆಲ್‌ಗೆ ಐದು ಓವರ್. ಅಂದರೆ ನೆಟ್ಸ್‌ನಲ್ಲಿ ವಾರಕ್ಕೆ ಅರವತ್ತು. ನಮ್ಮವನು ಅದರ ನಾಲ್ಕು ಪಟ್ಟು ಹಾಕುತ್ತಿದ್ದಾನೆ. ಅದೂ ಎಲ್ಲ ಒಂದೇ ಬಗೆಯ ಚಲನೆ.

ಆ ಚಲನೆ ಬೆನ್ನಿಗೆ ಮಾಡುವುದೇನು? ಓಡಿ ಬಂದು ಮುಂಗಾಲು ಊರುವ ಕ್ಷಣದಲ್ಲಿ ದೇಹದ ತೂಕದ ಹಲವು ಪಟ್ಟು ಹೊಡೆತ ಕಾಲಿನಿಂದ ಮೇಲಕ್ಕೆ ಏರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಂಡಿರುತ್ತದೆ. ಇದನ್ನೆಲ್ಲ ತಡೆಯುವುದು ಸೊಂಟದ ಭಾಗದ ಕೊನೆಯ ಎರಡು ಕಶೇರುಗಳ ಹಿಂಬದಿಯಲ್ಲಿರುವ ಒಂದು ಸಣ್ಣ ಎಲುಬಿನ ಸೇತುವೆ. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಬದಿಯ ಸೇತುವೆ ಸವೆಯುತ್ತದೆ. ಒಂದು ಎಸೆತಕ್ಕೆ ಏನೂ ಆಗುವುದಿಲ್ಲ. ಎಲುಬು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ. ರಿಪೇರಿಗಿಂತ ಹೊಡೆತವೇ ಜಾಸ್ತಿಯಾದಾಗ ಕೂದಲೆಳೆಯಷ್ಟು ಬಿರುಕು ಶುರುವಾಗುತ್ತದೆ.

ಮಕ್ಕಳಲ್ಲಿ ಇದು ಇನ್ನೂ ಸೂಕ್ಷ್ಮ. ಗಂಡುಮಕ್ಕಳು ಹದಿಮೂರು ಹದಿನಾಲ್ಕರ ಆಸುಪಾಸು ಸರ‍್ರನೆ ಬೆಳೆಯುತ್ತಾರೆ. ಆಗ ಎಲುಬು ಮೊದಲು ಉದ್ದವಾಗುತ್ತದೆ, ಗಟ್ಟಿಯಾಗುವುದು ಆಮೇಲೆ. ಆ ನಡುವಿನ ಅವಧಿಯಲ್ಲಿ ಹುಡುಗ ನೋಡಲು ದೊಡ್ಡವನು, ಒಳಗೆ ಹಸಿ ಬಿದಿರು. ಬೆಳೆದ ಮೈಯನ್ನೂ ಈ ಗಾಯ ಬಿಡುವುದಿಲ್ಲ: ನಮ್ಮ ಬೆಂಗಳೂರಿನ ಪ್ರಸಿದ್ಧ್ ಕೃಷ್ಣ ಇದೇ ಸೊಂಟದ ಬಿರುಕಿನಿಂದ 2022ರಲ್ಲಿ ಮೈದಾನ ಬಿಟ್ಟು, 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರ ಹಿಂದೆ ಸ್ಕ್ಯಾನು, ಫಿಸಿಯೋ, ಸಂಬಳ ಎಲ್ಲ ಇತ್ತು. ಹೋಬಳಿಯ ಹುಡುಗನ ಹಿಂದೆ ಇರುವುದು ನೋವಿನ ಮುಲಾಮು ಮಾತ್ರ.

ಗುರುತಿಸುವುದು ಹೇಗೆ? ಸುಸ್ತಿನ ಬೆನ್ನುನೋವು ಎರಡೂ ಕಡೆ ಇರುತ್ತದೆ, ಎರಡು ದಿನಕ್ಕೆ ಹೋಗುತ್ತದೆ. ಬಿರುಕಿನ ನೋವು ಹೆಚ್ಚಾಗಿ ಒಂದೇ ಕಡೆ, ಸೊಂಟದ ಕೆಳಭಾಗದಲ್ಲಿ, ಬೆರಳಿಟ್ಟು ತೋರಿಸುವಂತೆ ಇರುತ್ತದೆ. ಬೌಲಿಂಗ್ ಮಾಡಿದಾಗ ಹೆಚ್ಚಾಗುತ್ತದೆ, ಒಂಟಿ ಕಾಲಲ್ಲಿ ನಿಂತು ಹಿಂದಕ್ಕೆ ಬಾಗಿದರೆ ಚುಳ್ಳೆನ್ನುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ ಮೂಳೆ ವೈದ್ಯರ ಹತ್ತಿರ ಹೋಗಲೇಬೇಕು. ಇಲ್ಲೊಂದು ಮೋಸವಿದೆ: ಆರಂಭದ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ, ಎಂಆರ್‌ಐ ಬೇಕಾಗುತ್ತದೆ. ‘ಎಕ್ಸ್‌ರೇ ನಾರ್ಮಲ್, ಆಡಪ್ಪ’ ಎಂದು ಕಳಿಸಿದಾಗಲೇ ಸಣ್ಣ ಬಿರುಕು ದೊಡ್ಡದಾಗುವುದು. ಬೇಗ ಸಿಕ್ಕರೆ ಕೆಲವು ತಿಂಗಳು ಬೌಲಿಂಗ್ ನಿಲ್ಲಿಸಿದರೆ ಕೂಡಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ತಡವಾದರೆ ಕೂಡದೆಯೂ ಉಳಿಯಬಹುದು.

‘ಸರಿ, ಗಾಯದ ರಿಸ್ಕ್ ಇದೆ. ಆದ್ರೆ ಚಿಕ್ಕಂದಿನಿಂದ ಒಂದೇ ಹಿಡಿದವರು ತಾನೇ ಮೇಲೆ ಬರೋದು?’ ಎಂದು ಕೇಳುವವರಿದ್ದಾರೆ. ಜರ್ಮನಿಯ ಆರ್ನೆ ಗ್ಯುಲಿಶ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ಆರು ಸಾವಿರಕ್ಕೂ ಹೆಚ್ಚು ಆಟಗಾರರ ಮಾಹಿತಿಯನ್ನು ಹೋಲಿಸಿದರು. ಹದಿಹರೆಯದಲ್ಲಿ ಮಿಂಚಿದವರು ಬೇಗ ಶುರು ಮಾಡಿ, ಒಂದೇ ಆಟವನ್ನು ಜಾಸ್ತಿ ಆಡಿದವರೇ. ಆದರೆ ದೊಡ್ಡವರಾದ ಮೇಲೆ ವಿಶ್ವಮಟ್ಟಕ್ಕೆ ಏರಿದವರನ್ನು ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತವರ ಜೊತೆ ಹೋಲಿಸಿದಾಗ ಚಿತ್ರ ತಿರುಗಿಬಿತ್ತು. ವಿಶ್ವಮಟ್ಟದವರು ಬಾಲ್ಯದಲ್ಲಿ ಬೇರೆ ಆಟಗಳನ್ನು ಹೆಚ್ಚು ಆಡಿದ್ದರು, ತಮ್ಮ ಮುಖ್ಯ ಆಟಕ್ಕೆ ತಡವಾಗಿ ಬಂದಿದ್ದರು, ಆರಂಭದಲ್ಲಿ ನಿಧಾನವಾಗಿಯೇ ಬೆಳೆದಿದ್ದರು.

ಹದಿನಾಲ್ಕರ ತಂಡಕ್ಕೆ ಸೇರಿಸುವ ದಾರಿಯೂ ಇಪ್ಪತ್ತೈದರಲ್ಲಿ ಗೆಲ್ಲಿಸುವ ದಾರಿಯೂ ಒಂದೇ ಅಲ್ಲ. ನಮ್ಮ ಆಯ್ಕೆ ವ್ಯವಸ್ಥೆ ಮೊದಲನೆಯದಕ್ಕೆ ಬಹುಮಾನ ಕೊಡುತ್ತದೆ. ಹದಿನಾಲ್ಕರ ಒಳಗಿನ ಆಯ್ಕೆಯಲ್ಲಿ ಬೇಗ ಎತ್ತರವಾದವನೇ ಗೆಲ್ಲುತ್ತಾನೆ. ಅಕಾಡೆಮಿಗೂ ವರ್ಷಪೂರ್ತಿ ಫೀಸು ಕಟ್ಟುವ ಹುಡುಗ ಬೇಕು. ‘ಮೂರು ತಿಂಗಳು ಬಿಟ್ಟು ವಾಲಿಬಾಲ್ ಆಡ್ಕೊಂಡು ಬಾ’ ಎನ್ನುವ ಕೋಚ್‌ಗೆ ಆ ತಿಂಗಳ ಬಾಡಿಗೆ ಯಾರು ಕಟ್ಟುತ್ತಾರೆ? ಮತ್ತೊಂದು ಕಡೆ, ಪಿಟಿ ಮೇಷ್ಟ್ರೇ ಇಲ್ಲದ ಸರ್ಕಾರಿ ಶಾಲೆಯಲ್ಲಿ ನಾಲ್ಕು ಆಟ ಕಲಿಸುವವರು ಯಾರು? ಇದು ಅಪ್ಪ ಅಮ್ಮಂದಿರ ಅತಿಯಾಸೆ ಅಂತ ಬೈದು ಮುಗಿಸುವ ವಿಷಯವಲ್ಲ.

ಹಾಗಂತ ಈ ಅಧ್ಯಯನಗಳಿಗೆ ಮಿತಿ ಇಲ್ಲವೆಂದಲ್ಲ. ಇವು ಆಗಿಹೋದದ್ದನ್ನು ನೋಡಿ ಹಾಕಿದ ಲೆಕ್ಕ. ಮಕ್ಕಳನ್ನು ಎರಡು ಗುಂಪು ಮಾಡಿ ನಡೆಸಿದ ಪ್ರಯೋಗವಲ್ಲ. ಹುಟ್ಟಾ ಚುರುಕಿನ ಮಗು ಹೇಗೂ ನಾಲ್ಕಾಟ ಆಡುತ್ತದೆ ಎಂಬ ಸಾಧ್ಯತೆಯೂ ಇದೆ. ಜಿಮ್ನಾಸ್ಟಿಕ್ಸ್‌ನಂಥ, ಚಿಕ್ಕ ವಯಸ್ಸಿಗೇ ಉತ್ತುಂಗ ಮುಟ್ಟುವ ಆಟಗಳಲ್ಲಿ ಬೇಗ ಶುರು ಮಾಡದೆ ದಾರಿಯಿಲ್ಲ. ವೇಗದ ಬೌಲಿಂಗ್ ಆ ಸಾಲಿಗೆ ಸೇರುವುದಿಲ್ಲ.

ಹಾಗಾದರೆ ನಮ್ಮ ಹುಡುಗ ಏನು ಮಾಡಬೇಕು? ಕ್ರಿಕೆಟ್ ಬಿಡಬೇಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದ್ದು: ಒಂದೇ ಆಟಕ್ಕೆ ಕಟ್ಟುಬೀಳುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡಿ, ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಟ್ಟು ಮೂರು ತಿಂಗಳು ಆ ಆಟಕ್ಕೆ ರಜೆ ಕೊಡಿ. ಮೂರೂ ತಿಂಗಳು ಒಟ್ಟಿಗೇ ಬೇಕಿಲ್ಲ, ಒಂದೊಂದು ತಿಂಗಳಂತೆ ಹಂಚಬಹುದು. ಮೈಸೂರಿನ ನೆಟ್ಸ್ ವಾರಕ್ಕೆ ಎರಡು ದಿನಕ್ಕೆ ಇಳಿಯಲಿ, ಬೌಲಿಂಗ್ ಮೂವತ್ತು ಎಸೆತಕ್ಕೆ ನಿಲ್ಲಲಿ, ಉಳಿದ ಸಮಯ ಬ್ಯಾಟಿಂಗು, ಫೀಲ್ಡಿಂಗು ಮಾಡಲಿ. ಮಿಕ್ಕ ಎರಡು ಸಂಜೆ ಶಾಲೆಯ ಖೋ ಖೋ. ಅದಕ್ಕೆ ದೂರ ಹೋಗಬೇಕಿಲ್ಲ: 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಗೆದ್ದ ಭಾರತದ ವನಿತೆಯರ ತಂಡದಲ್ಲಿದ್ದ ಬಿ. ಚೈತ್ರಾ ಇದೇ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಥಟ್ಟನೆ ನಿಲ್ಲುವುದು, ದಿಕ್ಕು ಬದಲಿಸುವುದು, ಬಗ್ಗಿ ಏಳುವುದು, ಡೈವ್ ಹೊಡೆಯುವುದು ಎಲ್ಲವೂ ಆ ಆಟದಲ್ಲಿದೆ. ಬೆನ್ನಿನ ಆ ಸಣ್ಣ ಸೇತುವೆಗೆ ಮಾತ್ರ ಬಿಡುವು.

ಜೊತೆಗೆ ಮನೆಯ ಗೋಡೆಯ ಮೇಲೆ ಮೂರು ತಿಂಗಳಿಗೊಮ್ಮೆ ಪೆನ್ಸಿಲ್‌ನಲ್ಲಿ ಹುಡುಗನ ಎತ್ತರ ಗುರುತು ಮಾಡಿ. ಎರಡು ಗೆರೆಗಳ ನಡುವೆ ಎರಡು ಸೆಂಟಿಮೀಟರಿಗಿಂತ ಹೆಚ್ಚು ಅಂತರ ಕಂಡರೆ ಅವನು ಜಿಗಿದು ಬೆಳೆಯುತ್ತಿದ್ದಾನೆ ಎಂದರ್ಥ. ಆ ತಿಂಗಳುಗಳಲ್ಲಿ ಓವರ್ ಕಡಿಮೆ ಮಾಡಿ, ಆ ಗೆರೆಗಳನ್ನು ಕೋಚ್‌ಗೂ ತೋರಿಸಿ.